ಮೂರು ಮೀಟರ್ ದೂರದಲ್ಲಿ ನಿಂತು ಆರಿಸಿದ ಅಂಗಡಿ ಫಲಕ

ಫಲಕಕ್ಕೆ ಎರಡು ವಿನ್ಯಾಸಗಳು ಬಂದಿದ್ದವು: ನೀಲಿಯ ಮೇಲೆ ಕೆಂಪು ಅಕ್ಷರ, ಕಡುಹಸಿರಿನ ಮೇಲೆ ಬಿಳಿ ಅಕ್ಷರ. ಕಂಪ್ಯೂಟರ್ ಪರದೆಯಲ್ಲಿ ಮೊದಲನೆಯದೇ ಚೆಂದ ಕಾಣುತ್ತಿತ್ತು. ಆದರೆ ಗ್ರಾಹಕರು ಫಲಕವನ್ನು ಓದುವುದು ರಸ್ತೆಯ ಆಚೆಯಿಂದ, ಸುಮಾರು 30 ಮೀಟರ್ ದೂರದಿಂದ.

3 ಮೀಟರ್ ಉದ್ದದ ಫಲಕವನ್ನು ಹತ್ತನೇ ಒಂದು ಅಳತೆಗೆ ಇಳಿಸಿ, 30 ಸೆಂಟಿಮೀಟರ್ ಉದ್ದಕ್ಕೆ ಮುದ್ರಿಸಿ ಗೋಡೆಗೆ ಅಂಟಿಸಿದೆ. ದೂರವೂ ಹತ್ತನೇ ಒಂದಾಗಬೇಕಲ್ಲ, 3 ಮೀಟರ್ ಹಿಂದೆ ನಿಂತು ನೋಡಿದೆ. ಕೆಂಪು ಅಕ್ಷರಗಳು ನೀಲಿಯಲ್ಲಿ ಕರಗಿಹೋದವು. ಎರಡನ್ನೂ ಕಪ್ಪುಬಿಳುಪಿಗೆ ಬದಲಿಸಿದಾಗ ಕಾರಣ ತಿಳಿಯಿತು: ಕೆಂಪೂ ನೀಲಿಯೂ ಒಂದೇ ಬೂದು ಬಣ್ಣವಾದವು. ದೂರಕ್ಕೆ ಬೇಕಾದದ್ದು ಬಣ್ಣದ ಭೇದವಲ್ಲ, ಬೆಳಕಿನ ಭೇದ.

ಹಸಿರು ಫಲಕದಲ್ಲೂ ತೊಡಕಿತ್ತು. ಮೂರು ಮೀಟರ್‌ಗೆ 2.5 ಸೆಂಟಿಮೀಟರ್ ಎತ್ತರದ ಅಕ್ಷರ ಎಂಬ ರೂಢಿಯ ಲೆಕ್ಕದಂತೆ ನನಗೆ 25 ಸೆಂಟಿಮೀಟರ್ ಬೇಕಿತ್ತು, ಇದ್ದದ್ದು 12. ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಜಾಗ ತಿನ್ನುವುದರಿಂದ, ಅಳೆಯಬೇಕಾದದ್ದು ಮೂಲ ಅಕ್ಷರವನ್ನು ಮಾತ್ರ. ಚಿತ್ರವನ್ನೂ ಫೋನ್ ಸಂಖ್ಯೆಯನ್ನೂ ತೆಗೆದೆ. ಹೆಸರು 24 ಸೆಂಟಿಮೀಟರ್‌ಗೆ ಬೆಳೆಯಿತು.

ಫಲಕ ಏರಿಸಿದ ಮೊದಲ ರಾತ್ರಿ ಮತ್ತೆ ಬೇಸರ. ಒಳಗಿನ ಎಲ್‌ಇಡಿಯ ಪ್ರಖರತೆಗೆ ಬಿಳಿ ಅಕ್ಷರಗಳು ಹರಡಿ, ಒಂದಕ್ಕೊಂದು ಅಂಟಿದಂತೆ ಕಂಡವು. ‘ಪ’, ‘ಷ’ ಬೇರ್ಪಡಲಿಲ್ಲ. ಡಿಮ್ಮರ್ ಹಾಕಿಸಿ, ಅಂಚುಗಳು ಚೂಪಾಗಿ ಕಾಣುವವರೆಗೆ ಬೆಳಕು ತಗ್ಗಿಸಿದೆ. ಅಕ್ಷರಗಳ ನಡುವಿನ ಅಂತರವನ್ನೂ ಮೊದಲೇ ಹೆಚ್ಚಿಸಿರಬೇಕಿತ್ತು. ಈಗ ರಸ್ತೆಯ ಆಚೆಯಿಂದ ‘ಷ’ದ ಹೊಟ್ಟೆಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ.