ಫೋಟೊದಲ್ಲಿರುವುದು ಎಲೆಯೋ, ಕಿರುಎಲೆಯೋ? ಪತ್ತೆ ಮಾಡುವುದು ಹೀಗೆ

ಪುಣೆಯ ರಸ್ತೆ ಬದಿಯಲ್ಲಿ ಕಂಡ ಮರದ ಫೋಟೊ ಕಳಿಸಿ ‘ಇದು ಯಾವ ಮರ?’ ಎಂದು ಕೇಳುವವರು ಬಹಳಷ್ಟು ಸಲ ಒಂದೇ ಎಲೆಯನ್ನು ಕಿತ್ತು, ಅಂಗೈ ಮೇಲಿಟ್ಟು ಫೋಟೊ ತೆಗೆದಿರುತ್ತಾರೆ. ಮರ ಬೇವಿನದಾಗಿದ್ದರೆ ಅವರ ಅಂಗೈಯಲ್ಲಿರುವುದು ಎಲೆಯ ಒಂದು ತುಣುಕು ಮಾತ್ರ, ಅಂದರೆ ಕಿರುಎಲೆ. ನಡುದಂಟು ಮತ್ತು ಅದರ ಎರಡೂ ಬದಿಯ ಕಿರುಎಲೆಗಳು ಎಲ್ಲ ಸೇರಿದರೇ ಬೇವಿನ ಒಂದು ಎಲೆ. ಇದು ಸಂಯುಕ್ತ ಎಲೆ. ಮಾವು, ಹಲಸು, ಅರಳಿಯಲ್ಲಿ ತೊಟ್ಟಿಗೊಂದೇ ಹಾಳೆ. ಅದು ಸರಳ ಎಲೆ.

ಎಲೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದನ್ನು ತೋರಿಸಿಕೊಡುವುದು ಚಿಗುರುಮೊಗ್ಗು. ಎಲೆಯ ತೊಟ್ಟು ರೆಂಬೆಗೆ ಸೇರುವ ಸಂದಿಯಲ್ಲಿ, ಮೇಲುಬದಿಗೆ ಅದು ಇರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ.

ಹಾಗಾಗಿ ಎಲೆಯನ್ನು ಕೀಳಬೇಡಿ. ಮೊದಲ ಫೋಟೊದಲ್ಲಿ ಗಟ್ಟಿ ರೆಂಬೆ ಕಾಣುವಷ್ಟು ಹಿಂದೆ ಸರಿದು, ಅದರಿಂದ ಹೊರಟ ದಂಟನ್ನು ಪುಟ್ಟ ಎಲೆಗಳ ಸಮೇತ, ಅಂದರೆ ಇಡೀ ಗರಿಯನ್ನು, ತುದಿಯವರೆಗೆ ಹಿಡಿಯಿರಿ. ಎರಡನೆಯದು ಆ ಸಂದಿಯದೇ ಆಗಿರಲಿ. ಮೊಬೈಲ್ ಹಿಂದಿನ ಗೋಡೆಗೋ ಆಕಾಶಕ್ಕೋ ಫೋಕಸ್ ಆಗಿಬಿಡುವುದೇ ಇಲ್ಲಿನ ತೊಂದರೆ. ಸಂದಿಯ ಹಿಂದೆ ಅಂಗೈ ಹಿಡಿದು, ಪರದೆಯಲ್ಲಿ ಸಂದಿಯ ಮೇಲೆಯೇ ಬೆರಳಿಟ್ಟು ಕ್ಲಿಕ್ಕಿಸಿ. ರೆಂಬೆಯ ತುದಿಯ ಎಳೆ ಚಿಗುರು ಬೇಡ, ಅಲ್ಲಿ ಎಲ್ಲವೂ ಒತ್ತೊತ್ತಾಗಿರುತ್ತದೆ. ಬಲಿತ ಎಲೆಯೇ ಒಳ್ಳೆಯದು.

ಈಗ ನಿಜಕ್ಕೂ ಗೊಂದಲ ಹುಟ್ಟಿಸುವ ಜೋಡಿಯೊಂದನ್ನು ನೋಡೋಣ. ತುಳಸಿ ಹಬ್ಬಕ್ಕೆ ನಾವು ನೆಲ್ಲಿ ಕೊಂಬೆ ತರುತ್ತೇವೆ. ಇಲ್ಲಿನ ಮಾರುಕಟ್ಟೆಯಲ್ಲಿ ಅದರ ಜೊತೆಗೆ ಹುಣಸೆಯೂ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಗರಿಯ ಹಾಗೆ, ಸಣ್ಣ ಸಣ್ಣ ಎಲೆಗಳ ಎರಡು ಸಾಲು. ಎರಡೂ ಸಂಯುಕ್ತ ಎಲೆ ಎಂದೇ ಅನಿಸುತ್ತದೆ. ಹುಣಸೆಯ ಮಟ್ಟಿಗೆ ಅದು ಸರಿ. ಕಿರುಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಗರಿಯ ಉದ್ದಕ್ಕೂ ಹುಡುಕಿದರೂ ನಡುವೆ ಎಲ್ಲಿಯೂ ಹೂವಾಗಲಿ ಕಾಯಾಗಲಿ ಹುಟ್ಟಿರುವುದಿಲ್ಲ. ಅವು ಬರುವುದು ರೆಂಬೆಯಿಂದ.

ನೆಲ್ಲಿಯ ಗರಿಯನ್ನು ಮಗುಚಿ ನೋಡಿ. ಪುಟ್ಟ ಎಲೆಗಳ ಬುಡದಲ್ಲೇ, ಗರಿಯ ದಂಟಿಗೇ ಅಂಟಿಕೊಂಡು ಕಾಯಿ ಕೂತಿರುತ್ತದೆ. ಚಿಗುರುಮೊಗ್ಗಿನ ಜಾಗವಾದ ಎಲೆಯ ಕಂಕುಳಲ್ಲೇ ಹೂವೂ ಕಾಯೂ ಹುಟ್ಟಿದೆ ಎಂದಮೇಲೆ ಆ ಒಂದೊಂದು ಪುಟ್ಟ ಎಲೆಯೂ ಪೂರ್ತಿ ಎಲೆಯೇ, ಅದೂ ಸರಳ ಎಲೆ. ಗರಿ ಎಂದುಕೊಂಡದ್ದು ತೆಳ್ಳಗಿನ ರೆಂಬೆ. ಎಲೆ ಉದುರುವ ಕಾಲಕ್ಕೆ ಈ ರೆಂಬೆಯೂ ಎಲೆಗಳ ಜೊತೆಗೆ ಕಳಚಿ ಬೀಳುತ್ತದೆ, ಅದಕ್ಕೇ ಮೋಸಹೋಗುವುದು ಸುಲಭ. ಕುಂಡಗಳಲ್ಲಿ ತಾನಾಗಿ ಹುಟ್ಟುವ ಕಿರುನೆಲ್ಲಿಯನ್ನು ಮಗುಚಿದರೂ ಇದೇ ಕಾಣುತ್ತದೆ.

ಗುಲ್ಮೊಹರ್‌ನಲ್ಲಿ ತಪ್ಪುವುದು ಬೇರೆ ರೀತಿ. ಅಲ್ಲಿ ನಡುದಂಟು ಮತ್ತೆ ಕವಲೊಡೆದು, ಆ ಕವಲುಗಳಲ್ಲಿ ಕಿರುಎಲೆಗಳಿರುತ್ತವೆ. ಒಂದು ಕವಲಿನ ಫೋಟೊ ತೆಗೆದು ಎಲೆ ಸಿಕ್ಕಿತು ಎಂದುಕೊಳ್ಳಬೇಡಿ, ಗಟ್ಟಿ ರೆಂಬೆ ಸಿಗುವವರೆಗೆ ಹಿಂದಕ್ಕೆ ಹೋಗಿ.

ಹೂವು ಕಾಯಿ ಇಲ್ಲದ ಕಾಲದಲ್ಲಿ ನೆಲ್ಲಿಯ ಫೋಟೊ ನೋಡಿ ಇದನ್ನು ತೀರ್ಮಾನಿಸುವುದು ಕಷ್ಟ. ಆಗ ‘ಸಂಯುಕ್ತ’ ಎಂದು ಬರೆದುಕೊಳ್ಳುವ ಬದಲು ಜಾಗ ಖಾಲಿ ಬಿಟ್ಟು, ಹೂ ಬಿಟ್ಟಾಗ ಅದೇ ಮರದ ಕೆಳಗೆ ನಿಂತು ಗರಿಯ ಅಡಿಭಾಗದ ಫೋಟೊ ತೆಗೆಯಿರಿ.