ಲಾಗ್ ಕಳೆದುಹೋದ ಮೇಲೂ ಇನ್-ಡೌಟ್ ವಹಿವಾಟುಗಳನ್ನು ಇತ್ಯರ್ಥಪಡಿಸಿದ ನನ್ನ ಅನುಭವ

ಎರಡು ಡೇಟಾಬೇಸ್‌ಗಳ ಮೇಲಿನ ವಹಿವಾಟನ್ನು ಒಟ್ಟಿಗೆ ನಡೆಸುವ ಕೋಆರ್ಡಿನೇಟರ್‌ನ ಲಾಗ್ ಕೈಯಲ್ಲಿಲ್ಲದಿದ್ದರೆ, ಕೊನೆಯ ತೀರ್ಮಾನಕ್ಕೆ ಕಾಯುತ್ತ ಅರ್ಧದಲ್ಲಿ ಉಳಿದ ಇನ್-ಡೌಟ್ ವಹಿವಾಟನ್ನು ಕಮಿಟ್ ಮಾಡಬೇಕೋ ರೋಲ್‌ಬ್ಯಾಕ್ ಮಾಡಬೇಕೋ ಎಂಬುದು ಬರೀ ಊಹೆಯ ಮಾತು ಎಂದು ನಮ್ಮ ತಂಡದ ಹಿರಿಯರೊಬ್ಬರು ಎರಡು ವರ್ಷ ಹೇಳುತ್ತ ಬಂದಿದ್ದರು. ಕಳೆದ ಮಳೆಗಾಲದಲ್ಲಿ ಅಂಥ 11 ವಹಿವಾಟುಗಳನ್ನು ಒಂದು ಪೈಸೆಯೂ ವ್ಯತ್ಯಾಸ ಬಾರದಂತೆ ಅರ್ಧ ಗಂಟೆಯಲ್ಲಿ ಬಗೆಹರಿಸಿದ ಮೇಲೆ ಅವರು ಆ ಮಾತನ್ನು ಎತ್ತಿಲ್ಲ. ಆದರೆ ಅದಕ್ಕೂ ಮೊದಲು ಎರಡು ಬಾರಿ ನಾನೇ ಎಡವಿದ್ದೆ ಎಂಬುದನ್ನೂ ಹೇಳಬೇಕು.

ನಾವು ಪತ್ತಿನ ಸಹಕಾರ ಸಂಘಗಳಿಗೆ ಪಿಗ್ಮಿ ವಸೂಲಿಯ ತಂತ್ರಾಂಶ ನಡೆಸುತ್ತೇವೆ. ರಸೀದಿಗಳು ಪೋಸ್ಟ್‌ಗ್ರೆಸ್‌ನಲ್ಲಿ, ಸಾಮಾನ್ಯ ಖಾತೆ ಮೈಎಸ್‌ಕ್ಯೂಎಲ್‌ನಲ್ಲಿ ಇವೆ. ಹೀಗೇಕೆ ಎಂದು ಕೇಳಬೇಡಿ, ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಕಟ್ಟಿದರು. ಏಜೆಂಟರು ಸಂಜೆ ವಸೂಲಿಯನ್ನು ಏರಿಸಿದಾಗ ಎರಡೂ ಕಡೆ ಒಟ್ಟಿಗೆ ಬರೆಯಬೇಕಾದ್ದರಿಂದ ವೈಲ್ಡ್‌ಫ್ಲೈ ಸರ್ವರಿನೊಳಗಿನ ನಾರಾಯಣ ಎಂಬ ವಹಿವಾಟು ನಿರ್ವಾಹಕವೇ ನಮ್ಮ ಕೋಆರ್ಡಿನೇಟರ್. ಅದು ಟು ಫೇಸ್ ಕಮಿಟ್ ಮಾಡುತ್ತದೆ: ಮೊದಲ ಹಂತದಲ್ಲಿ ಎರಡೂ ಡೇಟಾಬೇಸ್‌ಗಳನ್ನು ಪ್ರಿಪೇರ್ ಮಾಡಿಸಿ, ಎರಡನೆಯ ಹಂತದಲ್ಲಿ ಎರಡಕ್ಕೂ ಕಮಿಟ್ ಹೇಳುತ್ತದೆ. ದಿನಕ್ಕೆ ಸುಮಾರು 60 ಸಾವಿರ ವಹಿವಾಟು, ಅದರಲ್ಲಿ ಮುಕ್ಕಾಲು ಪಾಲು ಸಂಜೆ ಆರರಿಂದ ಎಂಟರೊಳಗೆ.

ಮೊದಲ ಪೆಟ್ಟು ಬಿದ್ದದ್ದು ಸರ್ವರನ್ನು ಕಂಟೈನರಿಗೆ ಸಾಗಿಸಿದ ತಿಂಗಳಲ್ಲಿ. ನಾರಾಯಣ ತನ್ನ ಕಮಿಟ್ ತೀರ್ಮಾನಗಳನ್ನು ಬರೆದಿಡುವ ಆಬ್ಜೆಕ್ಟ್ ಸ್ಟೋರ್ ಎಂಬ ಕಡತಕೋಶವನ್ನು ನಾವು ಶಾಶ್ವತ ಡಿಸ್ಕಿನ ಮೇಲೆ ಇಟ್ಟಿರಲಿಲ್ಲ. ಕಂಟೈನರ್ ಸತ್ತಾಗ ಆ ಕೋಶವೂ ಅದರೊಂದಿಗೇ ಹೋಯಿತು. ಹೊಸ ಕಂಟೈನರ್ ಖಾಲಿ ಕೋಶದೊಂದಿಗೆ ಎದ್ದಿತು, ಅದರ `node-identifier` ಮಾತ್ರ ಮೊದಲಿನಂತೆ ಯಾರೂ ಬದಲಿಸದ `1` ಆಗಿತ್ತು. ರಿಕವರಿ ಶುರುವಾದಾಗ ಅದು ಪೋಸ್ಟ್‌ಗ್ರೆಸ್‌ನಲ್ಲಿ ಪ್ರಿಪೇರ್ ಆಗಿ ಕುಳಿತಿದ್ದ ಶಾಖೆಗಳನ್ನು, ಅಂದರೆ ವಹಿವಾಟುಗಳ ಆ ಡೇಟಾಬೇಸಿನ ಪಾಲುಗಳನ್ನು ಕಂಡು, ಇವು ನನ್ನ ಹೆಸರಿನವು, ಆದರೆ ನನ್ನ ಲಾಗಿನಲ್ಲಿಲ್ಲ, ಆದ್ದರಿಂದ ಇವುಗಳಿಗೆ ಕಮಿಟ್ ತೀರ್ಮಾನ ಆಗಿರಲಿಲ್ಲ ಎಂದು ಲೆಕ್ಕ ಹಾಕಿ ಎಲ್ಲವನ್ನೂ ರೋಲ್‌ಬ್ಯಾಕ್ ಮಾಡಿತು. ಲಾಗಿನಲ್ಲಿ ಇಲ್ಲದ್ದು ರದ್ದಾದದ್ದು ಎಂಬ ನಿಯಮ ಲಾಗ್ ಉಳಿದಿರುವವರೆಗೆ ಮಾತ್ರ ಸತ್ಯ. ಲಾಗೇ ಅಳಿದರೆ ಅದೇ ನಿಯಮ ಅಷ್ಟೇ ಖಚಿತವಾಗಿ ತಪ್ಪು ಮಾಡುತ್ತದೆ. ಮೈಎಸ್‌ಕ್ಯೂಎಲ್ ಕಡೆ ಅವುಗಳಲ್ಲಿ ಮೂರೋ ನಾಲ್ಕೋ ಆಗಲೇ ಕಮಿಟ್ ಆಗಿದ್ದವು. ಮರುದಿನದ ತಾಳೆಯಲ್ಲಿ ಸುಮಾರು 41,000 ರೂಪಾಯಿ ಖಾತೆಯಲ್ಲಿತ್ತು, ರಸೀದಿ ಇರಲಿಲ್ಲ. ಅದನ್ನು ಸರಿಪಡಿಸಲು ಇಬ್ಬರಿಗೆ ಎರಡು ದಿನ ಹಿಡಿಯಿತು, ಒಬ್ಬ ಸಲಹೆಗಾರರು ಇದನ್ನು ನೋಡಿಕೊಡಲು ಒಂದೂವರೆ ಲಕ್ಷ ಕೇಳಿದರು.

ಹಣ ಕೊಡುವ ಬದಲು ನಾನು ಜಾಣತನ ತೋರಿಸಲು ಹೋದೆ. ಪ್ರತಿ ಕಂಟೈನರಿಗೂ ಬೇರೆ ಬೇರೆ ಗುರುತು ಕೊಟ್ಟರೆ ಹೊಸದು ಹಳೆಯದರ ಶಾಖೆಗಳನ್ನು ಮುಟ್ಟುವುದಿಲ್ಲ ಎಂಬುದು ನನ್ನ ಲೆಕ್ಕ. ಮುಟ್ಟಲಿಲ್ಲ, ನಿಜ. ಆದರೆ ಸತ್ತ ಕಂಟೈನರಿನ ಗುರುತು ಮತ್ತೆ ಯಾರಿಗೂ ಬಾರದ ಕಾರಣ ಆ ಶಾಖೆಗಳು ವಾರಸುದಾರರಿಲ್ಲದೆ ಹಾಗೆಯೇ ಉಳಿದವು. ಕೆಲವು ದಿನಗಳ ಬಳಿಕ ಒಬ್ಬ ಏಜೆಂಟರು ತಮ್ಮ ಯಂತ್ರದಲ್ಲಿ ಒಬ್ಬ ಗ್ರಾಹಕರ ವಸೂಲಿ ಮಾತ್ರ ಏರುತ್ತಿಲ್ಲ, ಸುಮ್ಮನೆ ಸುತ್ತುತ್ತಿದೆ ಎಂದು ಕರೆ ಮಾಡಿದರು. `pg_stat_activity` ನೋಡಿದರೆ ಆ ಸಾಲನ್ನು ಹಿಡಿದುಕೊಂಡವರು ಯಾರೂ ಇಲ್ಲ. `pg_locks` ನೋಡಿದರೆ ಬೀಗ ಇದೆ, ಆದರೆ `pid` ಜಾಗ ಖಾಲಿ. ಕೊಲ್ಲಲು ಪ್ರಕ್ರಿಯೆಯೇ ಇಲ್ಲ. ರಾತ್ರಿ ಡೇಟಾಬೇಸನ್ನೇ ಮರುಪ್ರಾರಂಭಿಸಿದೆ; ಬೀಗ ಮತ್ತೆ ಅಲ್ಲೇ ಬಂದು ಕುಳಿತಿತು. ಪ್ರಿಪೇರ್ ಆದ ವಹಿವಾಟು ಕ್ರ್ಯಾಶನ್ನು ದಾಟಿ ಉಳಿಯಲೆಂದೇ ಇರುವುದು, ಅದರ ಸ್ಥಿತಿ ಪೋಸ್ಟ್‌ಗ್ರೆಸ್‌ನ ವಾಲ್ ಎಂಬ ಬದಲಾವಣೆಗಳ ಲಾಗ್‌ನಲ್ಲಿಯೂ ಚೆಕ್‌ಪಾಯಿಂಟ್ ಆದ ಮೇಲೆ `pg_twophase` ಕೋಶದಲ್ಲಿಯೂ ಇರುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ, ಆದರೂ ಮರುಪ್ರಾರಂಭಿಸಿದೆ.

ಇನ್ನೊಂದು ಶಾಖೆ ಯಾರ ಕಣ್ಣಿಗೂ ಬೀಳದೆ ಹತ್ತೊಂಬತ್ತು ದಿನ ಉಳಿದಿತ್ತು. ಅದು ಹಿಡಿದ ಸಾಲಿಗೆ ಯಾರೂ ಬಂದಿರಲಿಲ್ಲ, ಹಾಗಾಗಿ ದೂರೂ ಬರಲಿಲ್ಲ. ಬದಲಿಗೆ ಡಿಸ್ಕ್ ತುಂಬತೊಡಗಿತು. ಪ್ರಿಪೇರ್ ಆಗಿ ಉಳಿದ ವಹಿವಾಟು ಇನ್ನೂ ನಡೆಯುತ್ತಿರುವ ವಹಿವಾಟಿನಂತೆಯೇ ಲೆಕ್ಕವಾಗುವುದರಿಂದ ಅದರ ನಂತರ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ತೆಗೆಯುವಂತಿಲ್ಲ. `VACUUM VERBOSE` ಪ್ರತಿ ಬಾರಿಯೂ `dead but not yet removable` ಎಂದು ಲಕ್ಷಗಟ್ಟಲೆ ಸಾಲುಗಳನ್ನು ತೋರಿಸುತ್ತಿತ್ತು. ಒಂಬತ್ತು ಜಿಬಿಯಷ್ಟಿದ್ದ ಬಾಕಿಗಳ ಟೇಬಲ್ ಅರವತ್ತರ ಹತ್ತಿರಕ್ಕೆ ಹೋಯಿತು, ನಾವು ಕಾರಣ ಹುಡುಕದೆ ತಿಂಗಳಿಗೆ ನಾಲ್ಕೈದು ಸಾವಿರದ ಹೆಚ್ಚುವರಿ ಡಿಸ್ಕ್ ಕೊಂಡೆವು. ಇಂದು ನಮ್ಮಲ್ಲಿ `pg_prepared_xacts` ನೋಟದಲ್ಲಿ ಹತ್ತು ನಿಮಿಷಕ್ಕಿಂತ ಹಳೆಯದೊಂದು ಕಂಡರೆ ಫೋನು ಕೂಗುತ್ತದೆ.

ಈಗ ವಿಧಾನಕ್ಕೆ ಬರುತ್ತೇನೆ. ಆಬ್ಜೆಕ್ಟ್ ಸ್ಟೋರನ್ನು ಶಾಶ್ವತ ಡಿಸ್ಕಿಗೆ ಹಾಕಿ, ಪ್ರತಿ ಸರ್ವರಿಗೆ ಅಳಿಯದ ಒಂದೇ ಗುರುತು ಕೊಟ್ಟದ್ದು ಮೊದಲ ಕೆಲಸ. ಅದು ಸರಿಯಿದ್ದಾಗ ರಿಕವರಿ ಎರಡು ಮೂರು ನಿಮಿಷದಲ್ಲಿ ತಾನೇ ಇತ್ಯರ್ಥ ಮಾಡುತ್ತದೆ, ಅಲ್ಲಿ ಮನುಷ್ಯರು ಕೈಹಾಕಬಾರದು. ನನ್ನ ಚಿಂತೆ ಆ ಡಿಸ್ಕೇ ಹೋದರೆ ಏನು ಎಂಬುದು. ಅದಕ್ಕೆ ಎರಡೂ ಡೇಟಾಬೇಸ್‌ಗಳಲ್ಲಿ ಒಂದು ಗುರುತಿನ ಟೇಬಲ್ ಮಾಡಿ, ಪ್ರತಿ ವಹಿವಾಟೂ ತನ್ನ ಜಾಗತಿಕ ಗುರುತನ್ನು ಅದೇ ವಹಿವಾಟಿನೊಳಗೆ ಎರಡೂ ಕಡೆ ಒಂದೊಂದು ಸಾಲಾಗಿ ಬರೆಯುವಂತೆ ಮಾಡಿದೆ. ಶಾಖೆ ಕಮಿಟ್ ಆಗಿದ್ದರೆ ಮಾತ್ರ ಆ ಸಾಲು ಕಾಣುತ್ತದೆ. ನಾರಾಯಣದಿಂದ ಆ ಗುರುತನ್ನು ಅನ್ವಯದೊಳಗೆ ಹೇಗೆ ಹೊರತೆಗೆದೆ ಎಂಬುದನ್ನು ಇಲ್ಲಿ ಬಿಡಿಸುವುದಿಲ್ಲ. ಒಂದು ವಾರ ಕೂತರೆ ನಿಮಗೂ ಸಿಗುತ್ತದೆ. ಒಂದು ವಹಿವಾಟಿನ ಸಮಯ ಹದಿನೆಂಟು ಮಿಲಿಸೆಕೆಂಡಿನಿಂದ ಇಪ್ಪತ್ತಕ್ಕೆ ಏರಿತು, ಅಷ್ಟೆ.

ಎರಡು ಕಡೆಯ ಪಟ್ಟಿಗಳನ್ನು ಹೊಂದಿಸುವುದೇ ಮೊದಲ ತೊಡಕು. ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಚಾಲಕ ವಹಿವಾಟಿನ ಗುರುತಿನ ಮೂರು ಭಾಗಗಳನ್ನು ಅಡಿಗೆರೆಯಿಂದ ಜೋಡಿಸುತ್ತದೆ: ಮೊದಲು ನಮೂನೆಯ ಸಂಖ್ಯೆ, ನಾರಾಯಣಕ್ಕೆ ಅದು 131077, ನಂತರ ಜಾಗತಿಕ ಭಾಗ ಮತ್ತು ಶಾಖೆಯ ಭಾಗ, ಎರಡೂ ಬೇಸ್64ರಲ್ಲಿ. ಜಾಗತಿಕ ಭಾಗ ಎರಡೂ ಡೇಟಾಬೇಸ್‌ಗಳಲ್ಲಿ ಒಂದೇ.

```sql
SELECT transaction, gid, prepared,
  encode(decode(split_part(gid,'_',2),'base64'),'hex') AS gtrid
FROM pg_prepared_xacts
WHERE prepared < now() - interval '10 minutes';
```

ಮೈಎಸ್‌ಕ್ಯೂಎಲ್‌ನಲ್ಲಿ `XA RECOVER CONVERT XID` ಹೆಕ್ಸ್‌ನಲ್ಲಿ ಕೊಡುತ್ತದೆ, ಅಲ್ಲಿ `gtrid_length` ಹೇಳುವಷ್ಟು ಬೈಟುಗಳನ್ನು ಮುಂದಿನಿಂದ ಕತ್ತರಿಸಿಕೊಂಡರೆ ಎರಡೂ ಹೊಂದುತ್ತವೆ.

ತೀರ್ಮಾನದ ತರ್ಕ ಸರಳ. ಎದುರು ಡೇಟಾಬೇಸಿನಲ್ಲಿ ಗುರುತಿನ ಸಾಲು ಕಂಡರೆ ಅಲ್ಲಿ ಕಮಿಟ್ ಆಗಿದೆ, ಅಂದರೆ ಕೋಆರ್ಡಿನೇಟರ್ ಹೌದು ಎಂದಿತ್ತು, ಇಲ್ಲಿಯೂ ಕಮಿಟ್. ಎದುರುಗಡೆ ಸಾಲೂ ಇಲ್ಲ, ಪ್ರಿಪೇರ್ ಪಟ್ಟಿಯಲ್ಲಿಯೂ ಇಲ್ಲ ಎಂದಾದರೆ ಅಲ್ಲಿ ಅದು ಪ್ರಿಪೇರ್ ಆಗಲೇ ಇಲ್ಲ ಅಥವಾ ರದ್ದಾಗಿದೆ, ಇಲ್ಲಿಯೂ ರೋಲ್‌ಬ್ಯಾಕ್. ಎರಡೂ ಕಡೆ ಪ್ರಿಪೇರ್ ಆಗಿಯೇ ಕುಳಿತಿದ್ದರೆ ಯಾವ ದಾರಿ ಹಿಡಿದರೂ ಲೆಕ್ಕ ಹೊಂದುತ್ತದೆ, ಆದರೆ ನಾನು ಕಮಿಟ್ ಮಾಡುತ್ತೇನೆ. ಎರಡನೆಯ ಹಂತದಲ್ಲಿ ಸಂಪರ್ಕ ಕಡಿದರೆ, ಉಳಿದದ್ದನ್ನು ರಿಕವರಿ ಮುಗಿಸುತ್ತದೆಂಬ ಭರವಸೆಯ ಮೇಲೆ ಕೋಆರ್ಡಿನೇಟರ್ ಅನ್ವಯಕ್ಕೆ ಯಶಸ್ಸು ಎಂದೇ ಹೇಳಿರಬಹುದು, ಏಜೆಂಟರ ಯಂತ್ರ ರಸೀದಿ ಮುದ್ರಿಸಿಯೂ ಇರಬಹುದು. ಮುದ್ರಿಸಿರದೆ ಏಜೆಂಟರು ಮತ್ತೆ ಏರಿಸಲು ಯತ್ನಿಸಿದ್ದರೆ ಅದೇ ರಸೀದಿ ಸಂಖ್ಯೆಯ ಯೂನಿಕ್ ಇಂಡೆಕ್ಸ್ ಮುಂದೆ ಆ ಯತ್ನ ಕಾಯುತ್ತ ನಿಂತಿರುತ್ತದೆ, ಕಮಿಟ್ ಆದೊಡನೆ ನಕಲಿ ಎಂದು ತಿರಸ್ಕೃತವಾಗುತ್ತದೆ.

ಈ ಸರಳ ತರ್ಕದಲ್ಲೂ ಒಂದು ಗುಂಡಿ ಇದೆ. ನನ್ನ ಮೊದಲ ಸ್ಕ್ರಿಪ್ಟ್ ಗುರುತಿನ ಸಾಲನ್ನು ಮೊದಲು ಓದಿ, ಪ್ರಿಪೇರ್ ಪಟ್ಟಿಯನ್ನು ಆಮೇಲೆ ನೋಡುತ್ತಿತ್ತು. ಇವೆರಡರ ನಡುವೆ ಆ ಶಾಖೆಯನ್ನು ಯಾರಾದರೂ ಕಮಿಟ್ ಮಾಡಿದರೆ ಎರಡು ಕಡೆಯೂ ಇಲ್ಲ ಎಂಬ ಉತ್ತರ ಬಂದು ತಪ್ಪಾಗಿ ರೋಲ್‌ಬ್ಯಾಕ್ ಆಗುತ್ತದೆ. ಪರೀಕ್ಷೆಯಲ್ಲಿ ಸಾವಿರಕ್ಕೆ ಒಂದೆರಡು ಬಾರಿ ಸಿಕ್ಕಿಬಿತ್ತು. ಪಟ್ಟಿ ಮೊದಲು, ಸಾಲು ಆಮೇಲೆ ಎಂದು ತಿರುಗಿಸಿದ ಮೇಲೆ ನಿಂತಿತು. ಅದಕ್ಕೂ ಮುಂಚೆ ಹಳೆಯ ಕೋಆರ್ಡಿನೇಟರ್ ನಿಜವಾಗಿ ಸತ್ತಿದೆಯೇ, ಬರೀ ಜಾಲದಿಂದ ಕಡಿದುಹೋಗಿದೆಯೇ ಎಂದು ಖಚಿತಪಡಿಸಿಕೊಂಡು, ಅದರ ವಿಳಾಸದ ಸಂಪರ್ಕಗಳನ್ನು ಎರಡೂ ಕಡೆ ಮುಚ್ಚಬೇಕು.

ಆ ಮಳೆಗಾಲದ ಸಂಜೆ ಏಳರ ಸುಮಾರಿಗೆ ಸರ್ವರೂ ಅದರ ಡಿಸ್ಕೂ ಒಟ್ಟಿಗೆ ಹೋದವು. ಪೋಸ್ಟ್‌ಗ್ರೆಸ್‌ನಲ್ಲಿ 11 ಶಾಖೆಗಳು ಉಳಿದಿದ್ದವು. ಹೊಸ ಸರ್ವರಿಗೆ ಹಳೆಯ ಗುರುತು ಕೊಟ್ಟಿದ್ದರೆ ಮೊದಲ ಬಾರಿಯಂತೆಯೇ ಎಲ್ಲವೂ ರದ್ದಾಗುತ್ತಿದ್ದವು, ಆದ್ದರಿಂದ ಬೇಕೆಂದೇ ಹೊಸ ಗುರುತು ಕೊಟ್ಟು ಎಬ್ಬಿಸಿದೆ. ಆರು ಶಾಖೆಗಳಿಗೆ ಮೈಎಸ್‌ಕ್ಯೂಎಲ್‌ನಲ್ಲಿ ಗುರುತಿನ ಸಾಲು ಸಿಕ್ಕಿತು, `COMMIT PREPARED` ಮಾಡಿದೆ. ನಾಲ್ಕು ಅಲ್ಲಿ ಯಾವ ಪಟ್ಟಿಯಲ್ಲೂ ಇರಲಿಲ್ಲ, `ROLLBACK PREPARED`. ಉಳಿದೊಂದು ಎರಡೂ ಕಡೆ ಕಾಯುತ್ತಿತ್ತು. ಎರಡೂ ಕಡೆ ಕಮಿಟ್ ಮಾಡಿದೆ. ಗಡಿಬಿಡಿಯಲ್ಲಿ ಮೊದಲು `postgres` ಡೇಟಾಬೇಸಿಗೆ ಸೇರಿಕೊಂಡು ಆಜ್ಞೆ ಕೊಟ್ಟು ಬೈಸಿಕೊಂಡೆ; ವಹಿವಾಟು ಹುಟ್ಟಿದ ಡೇಟಾಬೇಸಿನಲ್ಲಿಯೇ, ಅದರ ಒಡೆಯನಾಗಿ ಇಲ್ಲವೇ ಸೂಪರ್‌ಯೂಸರ್ ಆಗಿ ಇದನ್ನು ಮಾಡಬೇಕು.

ಕೊನೆಯ ಆ ಒಂದರ ಬಗ್ಗೆ ಸ್ವಲ್ಪ ಆಟವಾಡಿದೆ. ಕಮಿಟ್‌ಗೆ ಮುನ್ನ ಅದರೊಳಗೆ ಯಾರ ಹಣವಿದೆ ಎಂದು ನೋಡುವ ಆಸೆ. `pageinspect` ಹಾಕಿ ರಸೀದಿ ಟೇಬಲಿನ ಕೊನೆಯ ಕೆಲವು ಪುಟಗಳಲ್ಲಿ `heap_page_items` ಓಡಿಸಿ, `t_xmin` ಮೇಲಿನ ಪ್ರಶ್ನೆಯ `transaction` ಸಂಖ್ಯೆಗೆ ಹೊಂದುವ ಸಾಲನ್ನು ಹುಡುಕಿದೆ. ಹಸಿ ಬೈಟುಗಳಲ್ಲಿ ರಸೀದಿ ಸಂಖ್ಯೆ ಓದಲು ಸಿಕ್ಕಿತು, 3,850 ರೂಪಾಯಿಯ ವಸೂಲಿ. ಏಜೆಂಟರಿಗೆ ಕರೆ ಮಾಡಿದರೆ ರಸೀದಿ ಮುದ್ರಣವಾಗಿದೆ ಸರ್ ಎಂದರು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಇದೇ, ಆದರೆ ಆ ಕಮಿಟ್ ನಿಯಮದ ಮೇಲೆ ನನಗೆ ನಂಬಿಕೆ ಬಂದದ್ದೂ ಇದರಿಂದಲೇ.

ಮೂರನೆಯ ಪಾಲುದಾರನಾಗಿ ಸಂದೇಶ ಸರದಿಯೊಂದನ್ನು ಸೇರಿಸಬೇಕೆಂಬ ಬೇಡಿಕೆ ಈಗ ಬಂದಿದೆ. ಸರದಿಯಿಂದ ಹೊರಟುಹೋದ ಸಂದೇಶದಲ್ಲಿ ಗುರುತಿನ ಸಾಲನ್ನು ಹುಡುಕಲು ಆಗದ ಕಾರಣ ಈ ವಿಧಾನ ಅಲ್ಲಿ ನಡೆಯುವುದಿಲ್ಲ; ಆ ಭಾಗವನ್ನು ಟು ಫೇಸ್ ಕಮಿಟ್‌ನಿಂದ ಹೊರಗಿಟ್ಟು, ಕಳಿಸಬೇಕಾದ ಸಂದೇಶವನ್ನು ಪೋಸ್ಟ್‌ಗ್ರೆಸ್‌ನಲ್ಲಿಯೇ ಒಂದು ಸಾಲಾಗಿ ಬರೆದು, ಆಮೇಲೆ ಬೇರೆ ಪ್ರಕ್ರಿಯೆಯಿಂದ ಕಳಿಸುವಂತೆ ಮಾಡುತ್ತಿದ್ದೇವೆ.