ಓವನ್ ಹಾಕಿದಾಗ ವೈಫೈ ಕಡಿದುಹೋದರೆ ಏನು ಮಾಡಬೇಕು?

ಮಧ್ಯಾಹ್ನದ ಊಟದ ಹೊತ್ತಿಗೆ ಇಂಟರ್ನೆಟ್ ನಿಲ್ಲುತ್ತದೆ ಎಂದಾಗ ಹೆಚ್ಚಿನವರು ಮೊದಲು ಸೇವಾ ಕಂಪನಿಗೆ ಫೋನ್ ಮಾಡುತ್ತಾರೆ, ಅದರಿಂದ ಗುಣ ಕಾಣದಿದ್ದರೆ ಇನ್ನಷ್ಟು ವೇಗದ, ಇನ್ನಷ್ಟು ದುಬಾರಿಯ ಪ್ಲಾನ್ ಹಾಕಿಸುತ್ತಾರೆ. ತುಮಕೂರಿನ ಎಸ್‌ಐಟಿ ಬಡಾವಣೆಯ ಮನೆಯೊಂದರಲ್ಲಿ ಈ ಎರಡೂ ಆಗಿದ್ದವು, ರೂಟರ್ ಕೂಡ ಬದಲಾಗಿತ್ತು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಆ ಮನೆಯ ಮಗ, "ಒಂದು ಗಂಟೆಗೆ ಮೀಟಿಂಗ್ ಇದ್ದರೆ ಸಾಕು ಸರ್, ಅದೇ ಹೊತ್ತಿಗೆ ಕಟ್ ಆಗುತ್ತೆ" ಎಂದರು. ಅವರ ರೂಟರ್ ಹಾಲ್‌ನ ಶೋಕೇಸಿನಲ್ಲಿ ಟಿವಿಯ ಹಿಂದೆ, ಕಾರ್ಡ್‌ಲೆಸ್ ಫೋನಿನ ಪಕ್ಕದಲ್ಲಿ ಇತ್ತು. ಅದೇ ಗೋಡೆಯ ಆಚೆ ಬದಿಗೆ, ಅಡುಗೆಮನೆಯ ಕಟ್ಟೆಯ ಮೇಲೆ, ಮೈಕ್ರೋವೇವ್ ಓವನ್ ಇತ್ತು.

ಓವನ್ನಿನ ಒಳಗೆ ಆಹಾರ ಬಿಸಿಮಾಡುವ ಅಲೆಗಳನ್ನು ಹೊಮ್ಮಿಸುವ ಮ್ಯಾಗ್ನೆಟ್ರಾನ್ ಸುಮಾರು 2450 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಹರಡಿದೆ, ಅಂದರೆ ಓವನ್ ಅದರ ನಟ್ಟನಡುವೆ ಕುಳಿತಿದೆ. ಬಾಗಿಲಿನ ಅಂಚಿನಿಂದ ಹೊರಬರುವ ಅತ್ಯಲ್ಪ ಸೋರಿಕೆ ಮನುಷ್ಯರಿಗೆ ನಿಗದಿಪಡಿಸಿದ ಸುರಕ್ಷತಾ ಮಿತಿಯೊಳಗೇ ಇರುತ್ತದೆ. ಆದರೆ ಲ್ಯಾಪ್‌ಟಾಪ್‌ಗೆ ತಲಪುವ ವೈಫೈ ಸಂಕೇತ ಒಂದು ಮಿಲಿವ್ಯಾಟ್‌ನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟಿದ್ದರೂ ಚೆನ್ನಾಗಿದೆ ಎನ್ನುವ ಲೆಕ್ಕದಲ್ಲಿ, ಆ ಸೋರಿಕೆಯೇ ಬಹಳ ದೊಡ್ಡದು.

ಮೊದಲ ಹಂತ ಸುಲಭ: ಲ್ಯಾಪ್‌ಟಾಪಿನ ವೈಫೈ ವಿವರಗಳಲ್ಲಿ Network band ಎಂಬಲ್ಲಿ 2.4 GHz ಎಂದಿದೆಯೇ ನೋಡಿ. 5 GHz ಎಂದಿದ್ದರೆ ಓವನ್ನಿನ ಮೇಲಿನ ಅನುಮಾನ ಬಿಡಿ.

ಎಲ್ಲರೂ ಎಡವುವುದು ಎರಡನೆಯ ಹಂತವಾದ ಪರೀಕ್ಷೆಯಲ್ಲಿ. ಸ್ಪೀಡ್ ಟೆಸ್ಟ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದು ಕಂಪನಿಯ ಕೇಬಲ್ಲಿನ ತೊಂದರೆಯನ್ನೂ ಮನೆಯೊಳಗಿನ ವೈಫೈಯ ತೊಂದರೆಯನ್ನೂ ಕಲಸಿ ಒಂದೇ ಅಂಕಿಯಾಗಿ ತೋರಿಸುತ್ತದೆ. ನಾವು ಕೇಳಬೇಕಾದ್ದು ರೂಟರ್‌ವರೆಗಿನ ದಾರಿ ಸರಿಯಿದೆಯೇ ಎಂದು ಮಾತ್ರ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲ ಸಾಲನ್ನು ಟೈಪ್ ಮಾಡಿ. Default Gateway ಎಂಬುದರ ಮುಂದೆ ಕಾಣುವ ಸಂಖ್ಯೆಯೇ ರೂಟರಿನ ವಿಳಾಸ. ಅದನ್ನು ಎರಡನೆಯ ಸಾಲಿನಲ್ಲಿ ಹಾಕಿ.

```
ipconfig
ping -t 192.168.1.1
```

ಈಗ ಪರದೆಯ ಮೇಲೆ ಸೆಕೆಂಡಿಗೊಂದು ಸಾಲು ಬರುತ್ತದೆ. ಓವನ್ ಆಫ್ ಇರುವಾಗ time ಎಂಬಲ್ಲಿನ ಅಂಕಿ ಬಹುತೇಕ ಒಂದಂಕಿಯಲ್ಲೇ ಇರಬೇಕು. ಒಂದೆರಡು ನಿಮಿಷ ಹಾಗೆಯೇ ನೋಡಿದ ಮೇಲೆ, ಒಂದು ಗಾಜಿನ ಲೋಟದಲ್ಲಿ ನೀರಿಟ್ಟು ಓವನ್ ಅನ್ನು ಪೂರ್ತಿ ಪವರ್‌ನಲ್ಲಿ ಎರಡು ನಿಮಿಷ ಹಾಕಿ. ಖಾಲಿ ಓವನ್ ಯಾವ ಕಾರಣಕ್ಕೂ ಹಾಕಬೇಡಿ, ಮ್ಯಾಗ್ನೆಟ್ರಾನ್ ಕೆಡಬಹುದು. ನೀರು ಕುದಿಯಿತೆಂದು ಕೂಡಲೇ ಕೈ ಹಾಕುವುದೂ ಬೇಡ. ಎಸ್‌ಐಟಿ ಬಡಾವಣೆಯ ಮನೆಯಲ್ಲಿ 3 ಮಿಲಿಸೆಕೆಂಡ್ ಇದ್ದ ಅಂಕಿ ಓವನ್ ಗುಂಯ್‌ಗುಟ್ಟಿದೊಡನೆ 180, 240 ಎಂದು ಏರಿತು, ನಡುನಡುವೆ Request timed out ಎಂಬ ಸಾಲುಗಳು ಬಂದವು, ಟಿಣ್ ಎಂದು ಓವನ್ ನಿಂತಾಗ ಮತ್ತೆ 3ಕ್ಕೆ ಇಳಿಯಿತು.

ಇನ್ನೂ ಅನುಮಾನವಿದ್ದರೆ ಓವನ್ ಅನ್ನು ಮಧ್ಯಮ ಪವರ್‌ಗೆ ಇಡಿ. ಸಾಮಾನ್ಯ ಓವನ್‌ಗಳು ಕಡಿಮೆ ಪವರ್ ಎಂದರೆ ಶಾಖವನ್ನು ತಗ್ಗಿಸುವುದಿಲ್ಲ, ಕೆಲವು ಸೆಕೆಂಡು ಪೂರ್ತಿ ಓಡಿ ಕೆಲವು ಸೆಕೆಂಡು ಸುಮ್ಮನಿರುತ್ತವೆ. ಗುಂಯ್ ಎಂಬ ಸದ್ದು ದಪ್ಪವಾದಾಗ ಅಂಕಿ ಏರಿ, ತೆಳುವಾದಾಗ ಇಳಿದರೆ, ಕಾರಣ ಅದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಪರ್ಕ ನಿಧಾನವಾಗುವುದಲ್ಲದೆ ಪೂರ್ತಿ ಕಡಿದೇ ಹೋಗುವುದು ಏಕೆ ಎಂಬುದನ್ನು ತಿಳಿದರೆ ಪರಿಹಾರವೂ ತಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಓವನ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಪ್ರತಿ 20 ಮಿಲಿಸೆಕೆಂಡಿನ ಅರ್ಧ ಭಾಗ ಗದ್ದಲ ಮಾಡಿ, ಉಳಿದ ಸುಮಾರು 10 ಮಿಲಿಸೆಕೆಂಡ್ ಸುಮ್ಮನಿರುತ್ತದೆ. ವೈಫೈ ಮಾಹಿತಿಯನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಕಳಿಸುತ್ತದೆ, ವೇಗವಾಗಿ ಹೋಗುವ ಪ್ಯಾಕೆಟ್ ಈ ಬಿಡುವಿನಲ್ಲಿ ಆರಾಮವಾಗಿ ದಾಟಿಬಿಡುತ್ತದೆ. ಆದರೆ ಕೆಲವು ಪ್ಯಾಕೆಟ್‌ಗಳು ಗದ್ದಲಕ್ಕೆ ಸಿಕ್ಕಿ ಹಾಳಾದಾಗ, ಸಂಕೇತ ದುರ್ಬಲವಾಗಿದೆ ಎಂದು ಭಾವಿಸುವ ವೈಫೈ ತನ್ನ ವೇಗವನ್ನು ಇಳಿಸುತ್ತದೆ. ಇಲ್ಲೇ ಕೆಡುವುದು. 1500 ಬೈಟ್‌ನ ಒಂದು ಪ್ಯಾಕೆಟ್ ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಹೋಗಲು 12 ಮಿಲಿಸೆಕೆಂಡ್ ಬೇಕು. ಬಿಡುವು ಇರುವುದು ಹತ್ತೇ. ಅಷ್ಟು ಕೆಳಗಿಳಿದ ಮೇಲೆ ದೊಡ್ಡ ಪ್ಯಾಕೆಟ್ ಪೂರ್ತಿಯಾಗಿ ದಾಟಲು ಜಾಗವೇ ಇಲ್ಲ. ಹಾಗಾಗಿ ರೂಟರ್‌ನಿಂದ ದೂರ ಕುಳಿತು, ಮೊದಲೇ ಕಡಿಮೆ ವೇಗದಲ್ಲಿರುವವರ ಸಂಪರ್ಕ ಮೊದಲು ಬೀಳುತ್ತದೆ. ಆ ಮನೆಯಲ್ಲಿಯೂ ಹಿಂದಿನ ಕೋಣೆಯ ಲ್ಯಾಪ್‌ಟಾಪ್ ಕಡಿದುಹೋಗುತ್ತಿತ್ತು, ಹಾಲ್‌ನಲ್ಲಿದ್ದ ತಾಯಿಯ ಮೊಬೈಲಿನಲ್ಲಿ ವಿಡಿಯೊ ನಡೆಯುತ್ತಲೇ ಇತ್ತು.

ಕಾರ್ಡ್‌ಲೆಸ್ ಫೋನಿನ ತಳದ ಚೀಟಿಯಲ್ಲಿ 2.4GHz ಎಂದಿದ್ದರೆ ಅದರ ಬೇಸ್‌ನ ಅಡಾಪ್ಟರನ್ನೇ ಕಿತ್ತು ಪರೀಕ್ಷೆ ಮಾಡಿ, ಫೋನ್ ಇಟ್ಟರೆ ಸಾಲದು, 1.8 ಅಥವಾ 1.9 ಎಂದಿದ್ದರೆ ಅದು ಬೇರೆ ಪಟ್ಟಿ, ನಿರಪರಾಧಿ. ಬ್ಲೂಟೂತ್ ಇವೆರಡಕ್ಕಿಂತ ಸಾಧು. ಅದು 2.4ರ ಪಟ್ಟಿಯೊಳಗೇ ಸೆಕೆಂಡಿಗೆ 1600 ಬಾರಿ ಜಾಗ ಬದಲಿಸುತ್ತದೆ, ವೈಫೈ ಇರುವ ಜಾಗವನ್ನು ಕಲಿತು ತಪ್ಪಿಸುವುದೂ ಅದಕ್ಕೆ ಗೊತ್ತು. ಆದರೂ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎರಡಕ್ಕೂ ಆಂಟೆನಾ ಒಂದೇ ಆಗಿರುವುದರಿಂದ, ಹೆಡ್‌ಸೆಟ್‌ನಲ್ಲಿ ಮಾತಾಡುವಾಗ 2.4ರ ವೈಫೈ ಸೊರಗಬಹುದು. ಮೀಟಿಂಗಿಗೆ ನಾನು ತಂತಿಯ ಇಯರ್‌ಫೋನನ್ನೇ ಹಾಕಿ ಎನ್ನುತ್ತೇನೆ.

ಪರಿಹಾರದಲ್ಲಿ ಮೊದಲನೆಯದು ಲ್ಯಾಪ್‌ಟಾಪ್, ಟಿವಿ, ಮೊಬೈಲ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕುವುದು. ರೂಟರ್ ಎರಡಕ್ಕೂ ಒಂದೇ ಹೆಸರು ಕೊಟ್ಟಿದ್ದರೆ ಬೇರೆ ಬೇರೆ ಹೆಸರಿಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ತನಗೆ ಬೇಕಾದಾಗ 2.4ಕ್ಕೆ ಜಾರಿಕೊಳ್ಳುತ್ತದೆ. 5 ಗಿಗಾಹರ್ಟ್ಸ್ ಗೋಡೆಗಳನ್ನು ಅಷ್ಟು ಚೆನ್ನಾಗಿ ದಾಟುವುದಿಲ್ಲ. ಅದಕ್ಕಾಗಿ ರೂಟರನ್ನು ಟಿವಿಯ ಹಿಂದಿನಿಂದ ತೆಗೆದು, ಅಡುಗೆಮನೆಯ ಗೋಡೆಯಿಂದ ದೂರಕ್ಕೆ, ಎತ್ತರಕ್ಕೆ, ಕೆಲಸದ ಕೋಣೆಯ ಕಡೆಗೆ ತನ್ನಿ. ಫ್ರಿಜ್ಜಿನ ನೆತ್ತಿ ಎತ್ತರವೇ, ಆದರೆ ಸರಿಯಾದ ಎತ್ತರವಲ್ಲ.

ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಬಲ್ಬ್‌ಗಳಲ್ಲಿ ಬಹಳಷ್ಟು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅವುಗಳಿಗಾಗಿ ರೂಟರಿನ ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ ಅನ್ನು Autoದಿಂದ ತೆಗೆದು 1ಕ್ಕೆ, ಅಗಲವನ್ನು 20 MHzಗೆ ನಿಲ್ಲಿಸಿ. ಹಲವು ರೂಟರ್‌ಗಳ ಆಟೊ ಆಯ್ಕೆ ನಡೆಯುವುದು ರೂಟರ್ ಆನ್ ಆಗುವಾಗ, ಆಗ ಓವನ್ ಓಡುತ್ತಿರುವುದಿಲ್ಲವಲ್ಲ! ಚಾನೆಲ್ 1ರ ಕೇಂದ್ರ 2412 ಮೆಗಾಹರ್ಟ್ಸ್, ಓವನ್ನಿಂದ ದೂರ. 11ರ ಕೇಂದ್ರ 2462, ಹತ್ತಿರ. ಪಕ್ಕದ ಮನೆಯವರೂ 1ರಲ್ಲಿದ್ದಾರೆಂದು 3ಕ್ಕೋ 4ಕ್ಕೋ ಹೋಗಬೇಡಿ. ಒಂದೇ ಚಾನೆಲಿನ ವೈಫೈಗಳು ಒಂದು ಇನ್ನೊಂದರ ಮಾತು ಮುಗಿಯುವವರೆಗೆ ಕಾಯುತ್ತವೆ, ಓವನ್ ಯಾರಿಗೂ ಕಾಯುವುದಿಲ್ಲ.

ರೂಟರಿಗೆ ಅಂಟಿಸುವ 'ಸಿಗ್ನಲ್ ಹೆಚ್ಚಿಸುವ' ಸ್ಟಿಕ್ಕರ್‌ಗಳಿಗೆ ಹಣ ಸುರಿಯಬೇಡಿ. 2.4ರಲ್ಲಿ ಮಾತ್ರ ಓಡುವ ಅಗ್ಗದ ರಿಪೀಟರ್ ಅದೇ ಗದ್ದಲದ ಪಟ್ಟಿಯಲ್ಲಿ ಪ್ರತಿ ಪ್ಯಾಕೆಟನ್ನೂ ಎರಡು ಸಲ ಕಳಿಸುತ್ತದೆ, ಅದೂ ಬೇಡ. ಓವನ್ನಿನ ಬಾಗಿಲಿನ ಅಂಚಿಗೆ ಹತ್ತಿದ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಾಗಿಲು ಸೊಟ್ಟಗಾಗಿ ಸರಿಯಾಗಿ ಮುಚ್ಚದಿದ್ದರೆ ವೈಫೈಯ ಮಾತಿರಲಿ, ಆ ಓವನ್ ಬಳಸುವುದನ್ನೇ ನಿಲ್ಲಿಸಿ ರಿಪೇರಿಗೆ ಕೊಡಿ.

ಎಲ್ಲ ಮುಗಿದ ಮೇಲೆ ಹೊಸ ಲೋಟ ನೀರಿಟ್ಟು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಆ ಮನೆಯ ಲ್ಯಾಪ್‌ಟಾಪಿನಲ್ಲಿ ಅಂಕಿ ಅಲುಗಲಿಲ್ಲ. ಗೇಟಿನ ಕ್ಯಾಮೆರಾ ಮಾತ್ರ ಓವನ್ ಓಡುವಾಗ ಈಗಲೂ ಒಮ್ಮೊಮ್ಮೆ ತಡವರಿಸುತ್ತದೆ, ಆದರೆ ಕಡಿದುಹೋಗುವುದಿಲ್ಲ. ಓವನ್ ಆಫ್ ಇದ್ದು ರೂಟರ್ ಚೆನ್ನಾಗಿ ಉತ್ತರಿಸುತ್ತಿರುವಾಗಲೂ, ಮನೆಯ ಹೊರಗಿನ ಗೂಗಲ್ ಸರ್ವರನ್ನು ಕೇಳುವ `ping -t 8.8.8.8` ಎಂಬುದಕ್ಕೆ ಉತ್ತರ ಬರದಿದ್ದರೆ, ಕಂಪನಿಗೆ ಫೋನ್ ಮಾಡಬೇಕಾದದ್ದು ಆಗ.